ನಾಯಕರು ಆಡದೇ ಹೋದ ಫುಟ್‌ಬಾಲು

ಪತ್ರಿಕೆಯ ಕಚೇರಿಯಲ್ಲಿ ಅವನಿಗಿದ್ದ ಹೆಸರು ಭರ್ತಿ. ಹುದ್ದೆಯೇನೋ ಉಪಸಂಪಾದಕನದೇ, ಆದರೆ ಮೂವತ್ತೊಂದು ವರ್ಷ ಅವನು ಮಾಡಿದ್ದು ಖಾಲಿ ಜಾಗ ತುಂಬುವ ಕೆಲಸ. ಜಾಹೀರಾತು ಕೈಕೊಟ್ಟಾಗ, ವರದಿ ಗಿಡ್ಡವಾದಾಗ, ಫೋಟೊದ ಕೆಳಗೆ ನಾಲ್ಕು ಸಾಲು ಬೆಳ್ಳಗೆ ಉಳಿದಾಗ, "ಭರ್ತೀ, ಸ್ವಲ್ಪ ನೋಡ್ರಿ" ಎಂದು ಕೂಗು ಬರುತ್ತಿತ್ತು. ಅವನು ನೋಡುತ್ತಿದ್ದ. ಆನೆಯ ಆಯುಸ್ಸು, ಅಲಾರಂ ಗಡಿಯಾರದ ಇತಿಹಾಸ, ಈರುಳ್ಳಿ ಹೆಚ್ಚುವಾಗ ಕಣ್ಣೀರು ಬಾರದಿರಲು ಮೂರು ಉಪಾಯ, ಇವೆಲ್ಲ ಅವನ ಸಮಗ್ರ ಸಾಹಿತ್ಯ. ಇಷ್ಟೆಲ್ಲ ಬರೆದವನ ಹೆಸರು ಒಂದು ಸಲವೂ ಪತ್ರಿಕೆಯಲ್ಲಿ ಅಚ್ಚಾಗಿರಲಿಲ್ಲ. ಈರುಳ್ಳಿಯ ವಿಷಯಕ್ಕೆ ಯಾರು ತಾನೇ ಹೆಸರು ಹಾಕುತ್ತಾರೆ?

ಹೀಗಿರುವಾಗ ಹಲ್ಲಿನ ಡಾಕ್ಟರಮ್ಮ ಅವನಿಗೆ ಫೋನು ಮಾಡಿದರು. ಅವರು ನಾಯಕರ ಮಗಳು. ನಾಯಕರೆಂದರೆ ಗಿರಣಿ ಕಾರ್ಮಿಕರ ಸಂಘಕ್ಕೆ ಇಪ್ಪತ್ತೈದು ವರ್ಷ ಅಧ್ಯಕ್ಷರಾಗಿದ್ದವರು. ಹುಬ್ಬು ಗಂಟಿಕ್ಕಿದರೆ ಗಿರಣಿಯ ಸೈರನ್ನೂ ಒಂದು ಗಳಿಗೆ ಯೋಚಿಸುತ್ತಿತ್ತು ಎನ್ನುತ್ತಿದ್ದರು ಜನ. ಅವರು ತೀರಿಕೊಂಡು ವರ್ಷವಾಗುತ್ತಿತ್ತು. ನೆನಪಿನ ಪುಸ್ತಕವೊಂದು ತಯಾರಾಗುತ್ತಿತ್ತು. ಹೋರಾಟದ ಬಗ್ಗೆ ಪ್ರೊಫೆಸರು, ನ್ಯಾಯನಿಷ್ಠೆಯ ಬಗ್ಗೆ ನಿವೃತ್ತ ನ್ಯಾಯಾಧೀಶರು, ಹೀಗೆ ಒಂಬತ್ತು ಅಧ್ಯಾಯಗಳನ್ನು ಒಂಬತ್ತು ದೊಡ್ಡವರು ಬರೆದಿದ್ದರು. ಉಳಿದದ್ದು ಒಂದೇ: ಹುಡುಗಾಟದ ದಿನಗಳಲ್ಲಿ ನಾಯಕರು ಏನು ಆಡುತ್ತಿದ್ದರು, ಹೊತ್ತು ಹೇಗೆ ಕಳೆಯುತ್ತಿದ್ದರು ಎಂಬ ಅಧ್ಯಾಯ.

"ಅಪ್ಪನ ಜೊತೆ ಓದಿದೋರು ಇನ್ನೂ ಮೂರು ನಾಲ್ಕು ಜನ ಇದಾರೆ. ಅವರನ್ನ ಮಾತಾಡಿಸಿ ಬರ್ಕೊಡ್ತೀರಾ? ಅಧ್ಯಾಯದ ಮೇಲೆ ನಿಮ್ಮ ಹೆಸರು ಹಾಕ್ತೀವಿ" ಎಂದರು ಡಾಕ್ಟರಮ್ಮ.

ಹೆಸರು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವನಿಗೆ ಉಳಿದದ್ದು ಕೇಳಿಸಲಿಲ್ಲ. ಪುಸ್ತಕದಲ್ಲಿ, ದಪ್ಪಕ್ಷರದಲ್ಲಿ, ನ್ಯಾಯಾಧೀಶರ ಮಗ್ಗುಲಲ್ಲಿ ಅವನ ಹೆಸರು! ಇಲ್ಲಿಯೂ ತನ್ನನ್ನು ಕರೆದದ್ದು ಖಾಲಿ ಉಳಿದ ಜಾಗ ತುಂಬುವುದಕ್ಕೇ ಎಂಬುದು ಹೊಳೆಯಲು ಎರಡು ದಿನ ಬೇಕಾಯಿತು. ಹೊಳೆದ ಮೇಲೂ ಖುಷಿ ಕಮ್ಮಿಯಾಗಲಿಲ್ಲ.

ಕೆಲಸದ ನಿಯಮಗಳು ಅವನಿಗೆ ಗೊತ್ತಿದ್ದವು. ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು, ಏಕೆಂದರೆ ಅವನ್ನು ಊಟದ ಹೊತ್ತಿನಲ್ಲಿ ಹೆಂಡತಿಗೆ ಉಪನ್ಯಾಸ ಮಾಡಿದ.

"ಒಬ್ಬೊಬ್ಬರನ್ನೇ ಕೇಳ್ಬೇಕು. ಗುಂಪಲ್ಲಿ ಕೇಳಿದ್ರೆ ಗಂಟಲು ದೊಡ್ಡದಿರೋನ ನೆನಪೇ ಎಲ್ಲರ ನೆನಪಾಗುತ್ತೆ. ಆಟದ ಹೆಸರು ನಾವು ಎತ್ತಲೇ ಬಾರದು. 'ಏನು ಆಡ್ತಿದ್ರಿ' ಅನ್ಬೇಕೇ ಹೊರತು 'ಕಬಡ್ಡಿ ಆಡ್ತಿದ್ರಾ' ಅನ್ಬಾರದು. ಒಬ್ಬ ಹೇಳಿದ್ದನ್ನ ಇನ್ನೊಬ್ಬನ ಮುಂದೆ ಬಾಯಿಬಿಡಬಾರದು. ಎಲ್ಲಿ, ಯಾವ ಹೊತ್ತಲ್ಲಿ, ಯಾರು ಗೆದ್ದರು, ಯಾರು ಬಿದ್ದರು, ಎಲ್ಲಾ ಬಿಡಿಸಿ ಬಿಡಿಸಿ ಕೇಳ್ಬೇಕು. ಮೂರು ಜನ ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದ್ರೆ, ಅದು ನಿಜ."

ಹೆಂಡತಿ ಗಣಿತದ ಮೇಡಂ. "ಮೂರು ಹುಡುಗರು ಬೇರೆ ಬೇರೆ ಬೆಂಚಲ್ಲಿ ಕೂತು ಒಂದೇ ತಪ್ಪು ಉತ್ತರ ಬರೆದ್ರೆ ನಾವು ಅದನ್ನ ನಿಜ ಅನ್ನಲ್ಲ, ಕಾಪಿ ಅಂತೀವಿ. ಪಲ್ಯ ಹಾಕ್ಕೊಳ್ಳಿ" ಎಂದಳು.

ಮೊದಲು ಹೋದದ್ದು ಗಡಿಯಾರ ರಿಪೇರಿಯವನ ಗೂಡಂಗಡಿಗೆ. ಎಪ್ಪತ್ತೆರಡು ದಾಟಿದ ಮುದುಕ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬಿಚ್ಚಿದ ಕೈಗಡಿಯಾರದೊಳಕ್ಕೆ ಚಿಮಟಿಗೆ ಇಳಿಸುತ್ತಿದ್ದ. ಗೋಡೆಯ ಮೇಲೆ ಹನ್ನೆರಡು ಗಡಿಯಾರ, ಹನ್ನೆರಡೂ ಬೇರೆ ಬೇರೆ ಸಮಯ. ನೆನಪಿನ ಕೆಲಸಕ್ಕೆ ಇದು ಶುಭಶಕುನವೋ ಅಲ್ಲವೋ ಎಂದು ಭರ್ತಿ ಯೋಚಿಸಿದ.

"ಶಾಲೇಲಿ ನಾಯಕರು ಏನು ಆಡ್ತಿದ್ರು ಯಜಮಾನ್ರೇ?" ನಿಯಮದ ಪ್ರಕಾರ ಆಟದ ಹೆಸರು ಎತ್ತಲಿಲ್ಲ.

"ಫುಟ್‌ಬಾಲು! ಮತ್ತೇನು? ಎದುರಾಳಿಗಳಿಗೆ ಸಿಂಹಸ್ವಪ್ನ!" ಮುದುಕ ತಲೆ ಎತ್ತಲೇ ಇಲ್ಲ.

"ಎಂಥ ಚೆಂಡು?"

"ಚರ್ಮದ್ದು. ಅಲ್ಲ, ಬಟ್ಟೆ ಸುತ್ತಿದ್ದು... ಅಷ್ಟೆಲ್ಲ ಎಲ್ಲಿ ನೆನಪಿರುತ್ತೆ? ಸಿಂಹಸ್ವಪ್ನ ಅಂತ ಬರ್ಕೊಳ್ಳಿ."

ಬರೆದುಕೊಂಡ. ಮಾರನೆಯ ದಿನ ನಿವೃತ್ತ ಪೋಸ್ಟ್‌ಮ್ಯಾನನ ಮನೆ. ಅವನು ಜಗಲಿಯಲ್ಲಿ ಕುಳಿತು ಪಾದ ತಿಕ್ಕಿಕೊಳ್ಳುತ್ತಿದ್ದ. ಮೂವತ್ತೈದು ವರ್ಷ ನಡೆದದ್ದರ ಲೆಕ್ಕವನ್ನು ಪಾದ ಈಗ ಕೇಳುತ್ತಿದೆ ಎಂದ. ಪ್ರಶ್ನೆ ಅದೇ. ಉತ್ತರವೂ ಅದೇ. "ಫುಟ್‌ಬಾಲಲ್ಲಿ ಅವನು ಸಿಂಹಸ್ವಪ್ನ ಸಾರ್. ನಾನೇ ಪಾಸ್ ಕೊಡ್ತಿದ್ದೆ. ಆಗಿಂದ್ಲೂ ತಲುಪಿಸೋದೇ ನನ್ನ ಕೆಲಸ ನೋಡಿ." ಚೆಂಡು ಟೆನಿಸ್ ಚೆಂಡು. ಗೋಲಿನ ಕಂಬದ ಬದಲು ಎರಡು ಚೀಲ. ಎಷ್ಟು ಗೋಲು ಹೊಡೆದರು ಎಂದರೆ, "ಎಣಿಸೋಕೆ ಆಗುತ್ತಾ?"

ಭರ್ತಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸಂಜೆ ಟಿಪ್ಪಣಿ ಪುಸ್ತಕ ತೆರೆದು ಹೆಂಡತಿಗೆ ಓದಿ ತೋರಿಸಿದ.

ಅವಳು ಉತ್ತರ ಪತ್ರಿಕೆ ತಿದ್ದುತ್ತಿದ್ದ ಕೆಂಪು ಪೆನ್ನು ಕೆಳಗಿಟ್ಟಳು. "ರೀ, ಚೆಂಡು ಒಬ್ಬರದು ಚರ್ಮ, ಒಬ್ಬರದು ಟೆನಿಸ್. ಸಿಂಹ ಮಾತ್ರ ಇಬ್ಬರದೂ ಒಂದೇ. ಗಡಿಯಾರದ ತಾತ ಮನೇಲಿ ಮೊಮ್ಮಕ್ಕಳ ಹತ್ರ 'ಎದುರಾಳಿಗಳಿಗೆ ಸಿಂಹಸ್ವಪ್ನ' ಅಂತ ಮಾತಾಡ್ತಾರಾ? ಆ ಮಾತು ನಿಮ್ಮ ಪತ್ರಿಕೆಯೋರ ಹೊರತು ಯಾರೂ ಬಳಸಲ್ಲ."

"ನಿನಗೆ ಎಲ್ಲದರಲ್ಲೂ ಕಾಪಿಯೇ ಕಾಣೋದು."

"ಕಂಡಿದ್ದಕ್ಕೇ ಸಂಬಳ ಕೊಡೋದು."

ಮೂರನೆಯವನು ಬೇಕರಿಯ ಯಜಮಾನ. ಒಲೆಯ ಬಿಸಿ, ಬ್ರೆಡ್ಡಿನ ವಾಸನೆ. ಗಲ್ಲಾದ ಹಿಂದೆ ಹಿಟ್ಟಿನ ಮೂಟೆಯಂತೆಯೇ ಕುಳಿತಿದ್ದ. ಈ ಸಲ ಭರ್ತಿ ಪ್ರಶ್ನೆ ಮುಗಿಸುವ ಮೊದಲೇ ಸಿಂಹಸ್ವಪ್ನ ಬಂತು. ಹೆಂಡತಿಯ ಮಾತು ಮುಳ್ಳಿನಂತೆ ಚುಚ್ಚುತ್ತಿದ್ದುದರಿಂದ, "ನೀವು ಕಣ್ಣಾರೆ ನೋಡಿದ್ದಾ?" ಎಂದು ಕೇಳಿದ.

"ನೋಡಿದ್ದಾ ಅಂದ್ರೇನ್ರೀ? ಆಧಾರ ಇಟ್ಟಿದೀನಿ!" ಯಜಮಾನ ಕೈ ಚಾಚಿ ಗೋಡೆಯಿಂದ ಒಂದು ಚೌಕಟ್ಟು ಇಳಿಸಿ, ಅಂಗಿಯ ತೋಳಿನಿಂದ ಗಾಜಿನ ಮೇಲಿನ ಹಿಟ್ಟು ಒರೆಸಿ ಕೊಟ್ಟ. ಹಳದಿಯಾದ ಪತ್ರಿಕೆಯ ತುಂಡು. ನಾಯಕರು ಮೊದಲ ಸಲ ಸಂಘದ ಅಧ್ಯಕ್ಷರಾದಾಗ, ಇಪ್ಪತ್ತಾರು ವರ್ಷದ ಹಿಂದೆ, ಬಂದ ವಿಶೇಷ ಪುರವಣಿ. ಫೋಟೊದ ಕೆಳಗೆ ನಾಲ್ಕು ಸಾಲು: "ಬಾಲ್ಯದಲ್ಲಿ ಫುಟ್‌ಬಾಲ್ ಆಟದಲ್ಲಿ ಎದುರಾಳಿಗಳಿಗೆ ಸಿಂಹಸ್ವಪ್ನವಾಗಿದ್ದ ಇವರು ಇಂದು ಹೋರಾಟದ ಕಣದಲ್ಲಿಯೂ..."

ಭರ್ತಿಯ ಕೈಯಲ್ಲಿ ಚೌಕಟ್ಟು ಭಾರವಾಯಿತು. ಆ ನಾಲ್ಕು ಸಾಲನ್ನು ಬರೆದವನು ಅವನೇ. ಅವತ್ತು ಫೋಟೊ ಅಂದುಕೊಂಡದ್ದಕ್ಕಿಂತ ಗಿಡ್ಡವಾಗಿ ಬಂದಿತ್ತು. ಅಚ್ಚಿನ ಕೋಣೆಯವನು ಬಾಗಿಲಲ್ಲಿ ನಿಂತು ಕಾಲು ಕುಟ್ಟುತ್ತಿದ್ದ. ನಾಯಕರಾದವರು ಚಿಕ್ಕಂದಿನಲ್ಲಿ ಏನಾದರೂ ಆಡಿಯೇ ಇರುತ್ತಾರೆ, ಫುಟ್‌ಬಾಲು ಆಡಿದ್ದರೆ ಯಾರಿಗೇನು ನಷ್ಟ ಎಂದು ಒಂದೂವರೆ ನಿಮಿಷದಲ್ಲಿ ಗೀಚಿ ಕೊಟ್ಟಿದ್ದ. ಆ ಒಂದೂವರೆ ನಿಮಿಷ ಈಗ ಮೂರು ಮುದುಕರ ಬಾಲ್ಯವಾಗಿ ಕುಳಿತಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಓದಿದ್ದನ್ನು ಪ್ರಾಮಾಣಿಕವಾಗಿ ನೆನಪಿಸಿಕೊಳ್ಳುತ್ತಿದ್ದರು. ಪೋಸ್ಟ್‌ಮ್ಯಾನ್ ಅಂತೂ ಇವನು ಹೊಡೆಸಿದ ಗೋಲಿಗೆ ಪಾಸೂ ಕೊಟ್ಟಿದ್ದ!

"ಏನ್ ಸಾರ್, ಕಣ್ಣಲ್ಲಿ ನೀರು?" ಬೇಕರಿಯವನು ಕೇಳಿದ.

"ಹಿಟ್ಟು" ಎಂದ ಭರ್ತಿ.

ಮೊದಲೇ ಮಾಡಬೇಕಿದ್ದ ಕೆಲಸವನ್ನು ಈಗ ಮಾಡಿದ. ಶಾಲೆಗೆ ಹೋಗಿ, ಕಚೇರಿಯ ಗುಮಾಸ್ತರನ್ನು ಕಾಡಿ ಬೇಡಿ, ಕಬ್ಬಿಣದ ಬೀರುವಿನಿಂದ ಹಳೆಯ ರಿಜಿಸ್ಟರುಗಳನ್ನು ತೆಗೆಸಿದ. ಆಟದ ಸಾಮಾನಿನ ಪಟ್ಟಿಯಲ್ಲಿ ನಾಯಕರು ಓದಿದ ಏಳು ವರ್ಷಕ್ಕೆ ಇದ್ದದ್ದು ಸ್ಕಿಪ್ಪಿಂಗ್ ಹಗ್ಗ ಎರಡು, ಕೆಂಪು ಕಾಯಿ ಕಳೆದ ಕೇರಂ ಬೋರ್ಡು ಒಂದು, ಬಲೆಯಿಲ್ಲದ ವಾಲಿಬಾಲು ಒಂದು. ಮೊದಲ ಫುಟ್‌ಬಾಲು ಬಂದದ್ದು ನಾಯಕರು ಶಾಲೆ ಬಿಟ್ಟ ನಾಲ್ಕು ವರ್ಷಕ್ಕೆ. ಅವರು ಓದುತ್ತಿದ್ದಾಗ ಆಟದ ಮೈದಾನದ ಜಾಗದಲ್ಲಿ ಹೊಸ ಕೋಣೆಗಳಿಗೆ ಇಟ್ಟಿಗೆ ಒಟ್ಟಿದ್ದರೆಂಬುದೂ ಅಲ್ಲೇ ಬರೆದಿತ್ತು.

ಗೋಲು ಹೊಡೆಯಲು ಹೊರಟವನಿಗೆ ಗೋಳೇ ಗತಿಯಾಯಿತು. ಸುಮ್ಮನಿದ್ದುಬಿಡಬಹುದಿತ್ತು. ಮೂವರು ಸಾಕ್ಷಿ, ಒಂದು ಪತ್ರಿಕೆಯ ಆಧಾರ, ಅಧ್ಯಾಯ ಎರಡು ದಿನದಲ್ಲಿ ಮುಗಿಯುತ್ತಿತ್ತು, ಮೇಲೆ ದಪ್ಪಕ್ಷರದಲ್ಲಿ ಹೆಸರು. ಆದರೆ ಆ ಕಟ್ಟುಕಥೆಯನ್ನು ನಂಬಲಾರದ ಏಕೈಕ ಓದುಗ ಅವನೇ ಆಗಿದ್ದ. ಹೆಂಡತಿಯನ್ನೂ ಸೇರಿಸಿದರೆ ಇಬ್ಬರು.

ಹಾಗಾದರೆ ಪುರವಣಿಯನ್ನು ಓದದ ಸಹಪಾಠಿ ಬೇಕು. ದಾಖಲಾತಿಯ ಪುಸ್ತಕದಲ್ಲಿ ಬೆರಳಿಟ್ಟು ಒಂದೊಂದೇ ಹೆಸರು ಇಳಿದ. ಏಳನೇ ಕ್ಲಾಸಿನ ಕೊನೆಯಲ್ಲಿ ವರ್ಗಾವಣೆ ಪತ್ರ ಪಡೆದು ಬೇರೆ ಊರಿಗೆ ಹೋದ ಒಬ್ಬ ಹುಡುಗಿ ಸಿಕ್ಕಳು. ವಿಚಾರಿಸುತ್ತ ಹೋದರೆ, ಆಕೆ ಸುಮಾರು ಅರವತ್ತು ವರ್ಷ ಹೊರಗಿದ್ದು, ಹೋದ ವರ್ಷವಷ್ಟೇ ತಂಗಿಯ ಮನೆಗೆ ಬಂದು, ಮಹಡಿ ಮೆಟ್ಟಿಲ ಕೆಳಗೆ ಹೊಲಿಗೆ ಮೆಷಿನ್ ಹಾಕಿಕೊಂಡಿದ್ದರು.

ಹೊಲಿಗೆಯಮ್ಮ ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿಸಿದರು. ಭರ್ತಿ ಈ ಸಲ ಆಟ ಎಂಬ ಶಬ್ದವನ್ನೂ ಎತ್ತಲಿಲ್ಲ.

"ಅಮ್ಮ, ಮಧ್ಯಾಹ್ನ ಊಟದ ಗಂಟೆ ಹೊಡೆದ ಮೇಲೆ ನೀವೆಲ್ಲ ಎಲ್ಲಿರ್ತಿದ್ರಿ?"

"ಹಿಂದಿನ ಕಾರಿಡಾರಲ್ಲಿ. ಅಂಗಳದ ತುಂಬ ಇಟ್ಟಿಗೆ ಒಟ್ಟಿದ್ರಲ್ಲ. ಗಂಡುಹುಡುಗ್ರು ಇಟ್ಟಿಗೆ ಸಂದೀಲಿ ಗೋಲಿ ಆಡೋರು. ನಾವು ಕಾರಿಡಾರಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ."

ಇಟ್ಟಿಗೆ! ಭರ್ತಿ ಪೆನ್ನು ತೆರೆದ. "ನಾವು ಅಂದ್ರೆ ಯಾರ್ಯಾರು?"

"ನಾನು, ನನ್ನ ಚಿಕ್ಕಮ್ಮನ ಮಗಳು, ಆಮೇಲೆ ಅವನು. ನಿಮ್ಮ ನಾಯಕ." ಹೊಲಿಗೆಯಮ್ಮ ಸೂಜಿಗಳನ್ನು ತೆಗೆದು ಬಟ್ಟೆಗೆ ಚುಚ್ಚಿದರು. "ಗಂಡುಹುಡುಗ್ರ ಪೈಕಿ ಅವನೊಬ್ನೇ. ಅವರು 'ಹೆಣ್ಣಿಗಾ' ಅಂತ ರೇಗಿಸೋರು. ಅವನಿಗೇನೂ ತಾಗ್ತಿರಲಿಲ್ಲ. ಎಂಟು ಮನೆ, ಎರಡು ಸಾಲು. ಮೊದಲ ಮನೆಗೆ ಬಿಲ್ಲೆ ಎಸೀಬೇಕು. ಒಂಟಿ ಕಾಲಲ್ಲಿ ಕುಂಟ್ತಾ ಹೋಗಿ, ಆ ಕಾಲಿಂದಲೇ ಬಿಲ್ಲೇನ ಮನೆಯಿಂದ ಮನೆಗೆ ತಳ್ತಾ ಸುತ್ತು ಹಾಕಿ ಹೊರಗೆ ತರ್ಬೇಕು. ಬಿಲ್ಲೆ ಗೆರೆ ಮೇಲೆ ನಿಂತ್ರೆ ಔಟು, ಕಾಲು ಗೆರೆ ತುಳಿದ್ರೆ ಔಟು. ಎಂಟೂ ಮುಗಿಸಿದೋರು ತಿರುಗಿ ನಿಂತು ತಲೆ ಮೇಲಿಂದ ಎಸೆದು ಒಂದು ಮನೆ ಗೆಲ್ಲೋದು. ಆಮೇಲೆ ಆ ಮನೇಲಿ ಬೇರೆ ಯಾರೂ ಕಾಲಿಡೋ ಹಾಗಿಲ್ಲ."

"ಅವರ ಬಿಲ್ಲೆ ಎಂಥದ್ದು?"

"ಹಂಚಿನ ಚೂರು. ಮೆಟ್ಟಿಲ ಕಲ್ಲಿಗೆ ತಿಕ್ಕಿ ತಿಕ್ಕಿ ದುಂಡಗೆ ಮಾಡಿದ್ದ. ಹಗುರ ಇದ್ರೆ ಹಾರಿ ಹೋಗುತ್ತೆ, ಭಾರ ಇದ್ರೆ ಜಾರಲ್ಲ. ಅವನ ಬಿಲ್ಲೆ ಹೇಳಿದಲ್ಲಿ ನಿಲ್ಲೋದು. ಕಾಲು ಮಾತ್ರ ನಿಲ್ತಿರಲಿಲ್ಲ. ಪ್ರತಿ ಸಲ ಗೆರೆ ತುಳಿಯೋನು."

"ಹಾಗಾದ್ರೆ ಸೋಲ್ತಿದ್ರು?"

"ಎಲ್ಲಿ ಸೋಲ್ತಾನೆ? ವಾದ! ಗೆರೆ ಅಂದ್ರೆ ಸೀಮೆಸುಣ್ಣದ ಅಗಲ ಇರುತ್ತೆ, ಅದರಲ್ಲಿ ಅರ್ಧ ಆ ಮನೇದು, ಅರ್ಧ ಈ ಮನೇದು, ನಾನು ತುಳಿದಿದ್ದು ನನ್ನ ಅರ್ಧ ಅನ್ನೋನು. ಬಗ್ಗಿ ನೋಡಿ ಅನ್ನೋನು. ನಾವು ಬಗ್ಗಿ ನೋಡೋಷ್ಟರಲ್ಲಿ ಗಂಟೆ ಹೊಡೆಯೋದು. ಗಂಟೆ ಹೊಡೆದ್ರೆ ಆಟ ಅಲ್ಲಿಗೆ ನಿಲ್ತು, ಔಟೇ ಆಗ್ಲಿಲ್ಲ ಅಂತ ಲೆಕ್ಕ. ಎರಡು ವರ್ಷ ಅವನನ್ನ ಒಂದು ಸಲಾನೂ ಔಟ್ ಮಾಡೋಕೆ ಆಗ್ಲಿಲ್ಲ ನಮಗೆ. ಮಳೆ ಇದ್ರೆ ಐದು ಕಲ್ಲಿನ ಆಟ. ಅದರಲ್ಲಿ ದಂಡಪಿಂಡ. ಕಲ್ಲು ಮೇಲೆಸೆದು ಮಾತಾಡ್ತಾ ಕೂರೋನು, ಕಲ್ಲು ಬಂದು ತಲೆ ಮೇಲೆ ಬೀಳೋದು."

ಭರ್ತಿಗೆ ನಗು ತಡೆಯಲಾಗಲಿಲ್ಲ. ಆದರೆ ಒಂದು ಸಲ ಸುಟ್ಟುಕೊಂಡವನು. ಒಬ್ಬರ ಮಾತಿಗೆ ತಲೆದೂಗುವ ಧೈರ್ಯವಿರಲಿಲ್ಲ. ಮತ್ತೆ ಶಾಲೆಗೆ ಹೋದ. ಗುಮಾಸ್ತರು ಅವನನ್ನು ಕಂಡು ಬೀರುವಿನ ಬೀಗದ ಕೈಯನ್ನು ತಾವಾಗಿಯೇ ಮೇಜಿನ ಮೇಲೆ ಇಟ್ಟುಬಿಟ್ಟರು. ಶಿಕ್ಷೆಯ ರಿಜಿಸ್ಟರಿನಲ್ಲಿ, ಆರನೇ ಕ್ಲಾಸಿನ ಪುಟದಲ್ಲಿ, ನಾಯಕರ ಹೆಸರಿನ ಎದುರು ಹೆಡ್‌ಮಾಸ್ಟರ ವಾಲಿದ ಅಕ್ಷರ: "ಸೀಮೆಸುಣ್ಣ ಕದ್ದು ಕಾರಿಡಾರಿನ ನೆಲದ ಮೇಲೆ ಗೆರೆ. ಎರಡು ಏಟು. ಗೆರೆ ತನ್ನದಲ್ಲವೆಂದು ವಾದ. ಮತ್ತೆ ಎರಡು."

ಕೊನೆಗೆ ಗಡಿಯಾರದವನ ಬಳಿ ಮರಳಿ ಬಂದ. ಬೇರೆ ಪ್ರಶ್ನೆ ಕೇಳಿದ. "ಇಟ್ಟಿಗೆ ಸಂದೀಲಿ ಗೋಲಿ ಆಡುವಾಗ ನಿಮ್ಮ ಜೊತೆ ಯಾರು ಯಾರು ಇರ್ತಿದ್ರು ಯಜಮಾನ್ರೇ?"

ಮುದುಕ ಭೂತಗನ್ನಡಿ ಕಳಚಿದ. "ಅಯ್ಯೋ, ಇಟ್ಟಿಗೆ! ಯಾರು ನೆನಪು ಮಾಡಿದ್ರಿ? ನಾನು, ಪೋಸ್ಟು, ಬೇಕರಿ. ಬೇಕರಿ ನನ್ನ ಗಾಜಿನ ಗೋಲಿ ನುಂಗಿಬಿಟ್ಟಿದ್ದ ಒಂದ್ಸಲ, ನಿಜವಾಗ್ಲೂ ನುಂಗಿದ್ದ."

"ನಾಯಕರು?"

"ಅವನೆಲ್ಲಿ ಬರ್ತಿದ್ದ ನಮ್ಮ ಹತ್ರ? ಹಿಂದೆ ಹುಡುಗೀರ ಜೊತೆ ಕುಂಟೋದು. ಎಷ್ಟು ರೇಗಿಸ್ತಿದ್ವಿ..." ಮುದುಕ ಮಾತು ಅರ್ಧಕ್ಕೆ ಬಿಟ್ಟು ಚಿಮಟಿಗೆ ಕೆಳಗಿಟ್ಟ. ಗೋಡೆಯ ಗಡಿಯಾರಗಳು ತಮ್ಮ ತಮ್ಮ ಲೆಕ್ಕ ಮುಂದುವರಿಸಿದವು.

"ಮೊನ್ನೆ ಇದನ್ನ ಯಾಕೆ ಹೇಳ್ಲಿಲ್ಲ?"

"ಮೊನ್ನೆ ನೀವು ನಾಯಕರ ಬಗ್ಗೆ ಕೇಳಿದ್ರಿ. ಇದು ಆ ಹುಡುಗನ ವಿಷಯ."

ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಕುಳಿತುಕೊಳ್ಳಲು ಇದ್ದದ್ದು ರೋಗಿಯ ಕುರ್ಚಿ ಒಂದೇ. ಭರ್ತಿ ಅದರಲ್ಲಿ ಒರಗಿದ; ಮುಖದ ಮೇಲೆ ದೀಪ. ಬಾಯಿ ಬಿಡಿಸುವುದರಲ್ಲಿ ಪಳಗಿದವರ ಎದುರು ತಪ್ಪೊಪ್ಪಿಗೆಗೆ ಇದಕ್ಕಿಂತ ಅನುಕೂಲದ ಜಾಗ ಇರಲಾರದು. ಕುಂಟೆಬಿಲ್ಲೆ, ಗೆರೆಯ ಅರ್ಧ, ಶಿಕ್ಷೆಯ ರಿಜಿಸ್ಟರು ಎಲ್ಲವನ್ನೂ ಹೇಳಿದ. ಡಾಕ್ಟರಮ್ಮ ಕೈಗವಸು ಹಾಕಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕರು.

"ಇದು ಅಪ್ಪ! ಗಿರಣಿ ಮ್ಯಾನೇಜರ್ ಜೊತೆ ಹೀಗೇ. ಅವರು ಸುಸ್ತಾಗೋವರೆಗೂ ವಾದ. ಅಮ್ಮನ ಜೊತೇನೂ ಇದೇ. ಇದನ್ನೇ ಬರೀರಿ. ಆದ್ರೆ... ಫುಟ್‌ಬಾಲು? ಪ್ರೊಫೆಸರ ಅಧ್ಯಾಯ ಶುರುವಾಗೋದೇ 'ಫುಟ್‌ಬಾಲ್ ಮೈದಾನವೇ ಅವರ ಮೊದಲ ಪಾಠಶಾಲೆ' ಅಂತ. ಅದೆಲ್ಲಿಂದ ಬಂತು ಹಾಗಾದ್ರೆ?"

'ಯಾರೋ ಬರೆದಿದ್ದರು' ಎಂದರೆ ಮುಗಿಯುತ್ತಿತ್ತು. ಕುಂಟು ನೆಪಕ್ಕೆ ಕುಂಟೆಬಿಲ್ಲೆಗಿಂತ ಒಳ್ಳೆಯ ಸಂದರ್ಭ ಉಂಟೇ? ಪುರವಣಿಯಲ್ಲಿ ಹೆಸರಿರಲಿಲ್ಲ, ಈ ಒಂದು ಸಲ ಹೆಸರಿಲ್ಲದ್ದೇ ಪುಣ್ಯವಾಗಿತ್ತು.

"ನನ್ನಿಂದ" ಎಂದ. "ಜಾಗ ಉಳಿದಿತ್ತು. ನಾನೇ ಕಟ್ಟಿದ್ದು."

ಡಾಕ್ಟರಮ್ಮ ದೀಪ ಆರಿಸಿದರು. ಆಮೇಲೆ, "ಇದನ್ನ ಯಾರಿಗೂ ಹೇಳೋದು ಬೇಡ. ಫುಟ್‌ಬಾಲಿನ ಮಾತು ಎತ್ತಬೇಡಿ, ಅಷ್ಟೇ. ಪ್ರೊಫೆಸರ ಸಾಲನ್ನ ನಾನು ತೆಗೆಸ್ತೀನಿ. ನಿಮ್ಮ ಹೆಸರು ಹೇಳಿದ ಹಾಗೇ ಇರಲಿ" ಎಂದರು.

"ಆಗಲ್ಲ ಮೇಡಂ. ಬೇಕರಿಯವನ ಗೋಡೆ ಮೇಲೆ ಚೌಕಟ್ಟಿದೆ. ನಾಳೆ ಅವನು ಅದನ್ನ ಎತ್ತಿಕೊಂಡು ಬಂದು 'ಹೊಲಿಗೆಯಮ್ಮ ಸುಳ್ಳಿ' ಅಂತಾನೆ. ಪತ್ರಿಕೇಲಿ ಬಂದಿದೆ ಅಂದ್ರೆ ಜನ ಅವನನ್ನೇ ನಂಬ್ತಾರೆ. ಆ ಸುಳ್ಳು ಎಲ್ಲಿ ಹುಟ್ಟಿತು ಅಂತ ಪುಸ್ತಕದಲ್ಲೇ ಬರೆದ್ರೆ ಮಾತ್ರ ಅದು ಸಾಯುತ್ತೆ."

ಅದನ್ನು ಬರೆದರೆ ಏನಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದದ್ದೂ ಅದೇ. ಪ್ರೊಫೆಸರು, "ಇಂಥವನ ಹೆಸರು ನಮ್ಮ ಸಾಲಿನಲ್ಲಿ ಇರಕೂಡದು, ಇದ್ದರೆ ನನ್ನ ಅಧ್ಯಾಯ ಹಿಂದಕ್ಕೆ ಕೊಡಿ" ಎಂದು ಪಟ್ಟು ಹಿಡಿದರು. ಭರ್ತಿ ವಾದ ಮಾಡಲಿಲ್ಲ. ಅಧ್ಯಾಯದ ಮೇಲೆ 'ಸಹಪಾಠಿಗಳು ಹೇಳಿದ್ದು' ಎಂದಷ್ಟೇ ಹಾಕಿಸಿ, ಹೊಲಿಗೆಯಮ್ಮನಿಂದ ಹಿಡಿದು ಗೋಲಿ ನುಂಗಿದವನವರೆಗೆ ಯಾರು ಯಾವುದನ್ನು ಹೇಳಿದರು ಎಂಬುದನ್ನು ಆಯಾ ಮಾತಿನ ಪಕ್ಕದಲ್ಲೇ ಬರೆದ. ಪುಟದ ಬುಡದಲ್ಲಿ ಒಂದು ಅಡಿಟಿಪ್ಪಣಿ ಸೇರಿಸಿದ: ನಾಯಕರು ಫುಟ್‌ಬಾಲ್ ಆಡುತ್ತಿದ್ದರೆಂಬ ಮಾತಿಗೆ ಆಧಾರವಿಲ್ಲ; ಪುರವಣಿಯಲ್ಲಿ ಜಾಗ ತುಂಬುವ ಸಲುವಾಗಿ ಅದನ್ನು ಕಟ್ಟಿದವರು ಇಂಥವರು. 'ಇಂಥವರು' ಇದ್ದಲ್ಲಿ ತನ್ನ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ತುಂಬಿದ.

ಬಿಡುಗಡೆಯ ಸಭೆಯಲ್ಲಿ ಒಂಬತ್ತು ಲೇಖಕರಿಗೂ ವೇದಿಕೆಯ ಮೇಲೆ ಕುರ್ಚಿ. ಭರ್ತಿ ಹೆಂಡತಿಯೊಂದಿಗೆ ಎಂಟನೇ ಸಾಲಿನಲ್ಲಿ, ಫ್ಯಾನಿನ ಗಾಳಿ ತಲುಪದ ಕಡೆ ಕುಳಿತಿದ್ದ. ಪ್ರೊಫೆಸರು ಮೈಕಿನ ಮುಂದೆ 'ಆಟದ ಮೈದಾನ' ಎಂದು ಶುರುಮಾಡಿ, ಗಂಟಲು ಸರಿಮಾಡಿಕೊಂಡು 'ಶಾಲೆಯ ಕಾರಿಡಾರು' ಎಂದರು. ಮುಂದಿನ ಸಾಲಿನಲ್ಲಿ ಗಿರಣಿಯ ಹಳೆಯ ಫಿಟ್ಟರ್ ಒಬ್ಬ ಪುಸ್ತಕ ಬಿಚ್ಚಿಕೊಂಡು, ಭಾಷಣ ಕೇಳದೆ, ಕುಂಟೆಬಿಲ್ಲೆಯ ಪುಟದಲ್ಲಿ ಬೆರಳಾಡಿಸುತ್ತ ಭುಜ ಕುಣಿಸಿ ನಗುತ್ತಿದ್ದ. ಬೆರಳು ಅಡಿಟಿಪ್ಪಣಿಗೆ ಇಳಿಯಿತು. ಅವನು ಹಿಂದಕ್ಕೆ ತಿರುಗಿದ.

"ಯಾರ್ರೀ ಇದು? ತನ್ನ ಸುಳ್ಳನ್ನ ತಾನೇ ಅಚ್ಚು ಹಾಕಿಸಿದಾನಲ್ಲ?"

ಭರ್ತಿ ಸುತ್ತ ನೋಡಿದ. ಹೆಂಡತಿ ಮೊಣಕೈಯಿಂದ ತಿವಿದಳು.

"ನಾನೇ."

ಫಿಟ್ಟರ್ ಅವನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ಜೇಬಿನಿಂದ ಪೆನ್ನು ತೆಗೆದು, ಪುಸ್ತಕವನ್ನು ಕುರ್ಚಿಯ ಬೆನ್ನ ಮೇಲಿಂದ ಚಾಚಿದ. "ಸೈನ್ ಹಾಕಿ ಸಾರ್. ಮನೇಲಿ ತೋರಿಸ್ಬೇಕು."

ಐವತ್ತೇಳು ವರ್ಷದಲ್ಲಿ ಅವನ ಕೈ ಹಸ್ತಾಕ್ಷರಕ್ಕೆಂದು ಪೆನ್ನು ಹಿಡಿದದ್ದು ಇದೇ ಮೊದಲು. ಪುಟದ ಬುಡದಲ್ಲಿ ಅಂಚು ಎರಡು ಬೆರಳಗಲವೂ ಇರಲಿಲ್ಲ. ಹೆಸರು ಹಿಡಿಯುವುದಿಲ್ಲವೇನೋ ಎಂದು ಅಕ್ಷರವನ್ನು ಆದಷ್ಟು ಕಿರಿದು ಮಾಡಿ, ಉಸಿರು ಬಿಗಿಹಿಡಿದು, ನಿಧಾನವಾಗಿ ಬರೆದ.